ಸೋಮವಾರದ ಬಾಯಿಬೀಗ

ನಮ್ಮ ಕಡೆಯ ಯಾವ ಸಭೆಗಾದರೂ ಹೋಗಿ ನೋಡಿ. ಭಾಷಣಕ್ಕಿಂತ ಮೊದಲು ವೇದಿಕೆಯ ಮೇಲೆ ಓಡಾಡುವುದು ಚೀಟಿಗಳು. ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಆಹ್ವಾನಪತ್ರಿಕೆಯ ತುದಿ ಹರಿದು, ಅದರ ಮೇಲೆ ಏನೋ ಗೀಚಿ, ಸ್ವಯಂಸೇವಕ ಹುಡುಗನ ಕೈಗಿಡುತ್ತಾರೆ. ಅದು ಕೈಯಿಂದ ಕೈಗೆ ದಾಟಿ ಅಧ್ಯಕ್ಷರ ಮುಂದಿರುವ ಹೂಗುಚ್ಛದ ಬುಡಕ್ಕೆ ಬಂದು ಸೇರುತ್ತದೆ: ‘ನನಗೂ ಎರಡು ನಿಮಿಷ’. ಸಿಕ್ಕ ಎರಡು ನಿಮಿಷದಲ್ಲಿ ಮೊದಲನೆಯದು ವೇದಿಕೆಯ ಮೇಲಿರುವವರ ಹೆಸರು ಹೇಳುವುದಕ್ಕೇ ಖರ್ಚಾಗುತ್ತದೆ. ಎರಡನೆಯದು ಸಮಯದ ಅಭಾವವನ್ನು ವಿವರಿಸುವುದಕ್ಕೆ. ಆಮೇಲೆ ಭಾಷಣ ಶುರು. ಪಕ್ಕದ ಊಟದ ಮನೆಯಲ್ಲಿ ಹುಳಿ ಆರುತ್ತಿರುತ್ತದೆ.

ಇದು ಇವತ್ತಿನ ರೋಗವೇನಲ್ಲ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದೇ ಚೀಟಿಗಳ ಪ್ರಸ್ತಾಪ ಮಾಡಿದ್ದಾರೆ. ಮಾತಾಡಲು ಅವಕಾಶ ಕೊಡಿ ಎಂಬ ಚೀಟಿಗಳಿಂದ ಪೀಡಿತನಾಗದ ಅಧ್ಯಕ್ಷನೇ ಇಲ್ಲ, ಅವಕಾಶ ಸಿಕ್ಕವನು ಹೊತ್ತು ಮೀರುತ್ತಾನೆ, ಇನ್ನಷ್ಟು ಹೊತ್ತು ಕೇಳುತ್ತಾನೆ, ಕೊಡದಿದ್ದರೂ ಮುಂದುವರಿಸುತ್ತಾನೆ ಎಂಬುದು ಅವರ ದೂರು. ಈ ಮಾತೆಲ್ಲ ಬರುವುದು ತಮ್ಮ ನಾಚಿಕೆ ಸ್ವಭಾವದ ಬಗ್ಗೆ ಬರೆದ ಅಧ್ಯಾಯದಲ್ಲಿ. ಲಂಡನ್ನಿನಲ್ಲಿ ಬ್ಯಾರಿಸ್ಟರಿಗೆ ಓದುತ್ತಿದ್ದ ಕಾಲದಲ್ಲಿ ಅವರಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡಲು ಆಗುತ್ತಿರಲಿಲ್ಲ. ವೆಂಟ್ನರ್ ಎಂಬ ಊರಿನಲ್ಲಿ ಸಸ್ಯಾಹಾರದ ಸಭೆಗೆಂದು ಒಂದೇ ಹಾಳೆಯ ಭಾಷಣ ಬರೆದುಕೊಂಡು ಹೋದರು. ಎದ್ದು ನಿಂತರೆ ಕಣ್ಣು ಮಂಜು, ಕೈಕಾಲು ನಡುಕ. ಜೊತೆಗಿದ್ದ ಮಜುಮದಾರರು ಆ ಹಾಳೆಯನ್ನು ಓದಿ ಮಾನ ಉಳಿಸಿದರು. 1891ರಲ್ಲಿ ಊರಿಗೆ ಹೊರಡುವಾಗ ಗೆಳೆಯರಿಗೆ ಹೋಟೆಲಿನಲ್ಲಿ ಊಟ ಹಾಕಿಸಿ, ಬೀಳ್ಕೊಡುಗೆಗೆ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದರು. ಅದರಲ್ಲೊಂದು ತಮಾಷೆ: ಸಂಸತ್ತಿನಲ್ಲಿ ಎದ್ದು ನಿಂತು ಒಂದೇ ಪದವನ್ನು ಮೂರು ಸಲ ಹೇಳಿ, ಮುಂದಕ್ಕೆ ಹೋಗಲಾರದೆ ಕೂತ ಅಡಿಸನ್ ಎಂಬ ಸಾಹಿತಿಯ ಕತೆ. ಗಾಂಧಿಗೆ ಮೊದಲ ವಾಕ್ಯದಾಚೆ ಏನೂ ನೆನಪಾಗಲಿಲ್ಲ. ಮಾತು ನಿಂತುಹೋದವನ ಕತೆ ಹೇಳಲು ಎದ್ದವರು ಅದನ್ನು ಅಭಿನಯಿಸಿಯೇ ತೋರಿಸಿದಂತಾಯಿತು. ಬಂದದ್ದಕ್ಕೆ ವಂದನೆ ಹೇಳಿ ಕೂತರು.

ಇಂಥ ಮನುಷ್ಯ ಮುಂದೆ ವಾರಕ್ಕೊಂದು ದಿನ ಮಾತು ಬಿಟ್ಟರು ಎಂದರೆ, ಸಹಜವೇ ಬಿಡಿ, ಅವರಿಗೇನು ಕಷ್ಟ ಎನಿಸಬಹುದು. ಆದರೆ ಮಾತು ಬಾರದೆ ಸುಮ್ಮನಿರುವುದು ಬೇರೆ, ಮಾತು ಬಂದಮೇಲೆ ಸುಮ್ಮನಿರುವುದು ಬೇರೆ. ಅವರು ಸೋಮವಾರದ ಮೌನ ಹಿಡಿದದ್ದು 1920ರ ದಶಕದಲ್ಲಿ. ಆ ಹೊತ್ತಿಗೆ ಅವರ ಮಾತಿಗೆ ದೇಶವೇ ಕಿವಿಗೊಟ್ಟು ನಿಂತಿತ್ತು.

ಕಾರಣವೇನು ದೊಡ್ಡ ತತ್ತ್ವವಲ್ಲ ಎಂಬುದೇ ನನಗೆ ಇಷ್ಟವಾದ ಸಂಗತಿ. ಬಂದವರ ಒತ್ತಡ ತಡೆಯಲಾಗುತ್ತಿರಲಿಲ್ಲ. ಬರೆಯಬೇಕಾದ ಕಾಗದಗಳು, ‘ಯಂಗ್ ಇಂಡಿಯಾ’ಕ್ಕೂ ‘ನವಜೀವನ’ಕ್ಕೂ ಕೊಡಬೇಕಾದ ಲೇಖನಗಳು ರಾಶಿ ಬಿದ್ದಿದ್ದವು. ಒಂದು ದಿನ ಬಾಯಿ ಮುಚ್ಚಿದರೆ ಕೈ ಆಡುತ್ತದೆ ಎಂಬ ಲೆಕ್ಕಾಚಾರ. ಮೊದಲು ವಿಶ್ರಾಂತಿಗೆ, ಆಮೇಲೆ ಬರವಣಿಗೆಗೆ, ಕೊನೆಗೆ ಆತ್ಮದ ಲಾಭವೂ ಕಂಡಿತು ಎಂದು 1938ರ ‘ಹರಿಜನ’ದಲ್ಲಿ ಅವರೇ ಆ ಕ್ರಮವನ್ನು ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಅನೇಕರು ಆತ್ಮದಿಂದ ಹೊರಟು ವಿಶ್ರಾಂತಿಗೆ ಬಂದು ನಿಲ್ಲುತ್ತಾರೆ. ಅವರು ಹೋದದ್ದು ಎದುರು ದಿಕ್ಕಿನಿಂದ.

ಹಾಗೆಂದು ಮೌನದ ವಿಚಾರ ಅವರಿಗೆ ಹೊಸದಾಗಿರಲಿಲ್ಲ. 1895ರಲ್ಲಿ ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಮರಿಯಾನ್ ಹಿಲ್ ಎಂಬಲ್ಲಿ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಮಠಕ್ಕೆ ಹೋಗಿದ್ದರು. ಹೋದದ್ದು ಅವರು ಮಾಂಸ ತಿನ್ನುವುದಿಲ್ಲ ಎಂಬ ಕುತೂಹಲದಿಂದ. ನೋಡಿದರೆ ಹೊರಗಿನ ವ್ಯವಹಾರ ನೋಡಿಕೊಳ್ಳುವ ಕೆಲವರನ್ನು ಬಿಟ್ಟು ಉಳಿದವರೆಲ್ಲ ಮೌನಿಗಳು. ಬಡಗಿಯೂ ಮೌನ, ಚಮ್ಮಾರನೂ ಮೌನ, ಕೆಲಸ ಮಾತ್ರ ಸದ್ದುಮಾಡುತ್ತಿತ್ತು. ಏಕೆ ಹೀಗೆ ಎಂದು ಕೇಳಿದ್ದಕ್ಕೆ ಒಬ್ಬ ಪಾದ್ರಿ ಕೊಟ್ಟ ಉತ್ತರದ ಸಾರ ಇಷ್ಟು: ನಾವು ದುರ್ಬಲರು, ಎಷ್ಟೋ ಸಲ ಏನು ಆಡುತ್ತಿದ್ದೇವೆಂದು ನಮಗೇ ತಿಳಿಯುವುದಿಲ್ಲ, ಒಳಗಿನ ಸಣ್ಣ ದನಿ ಕೇಳಬೇಕಾದರೆ ಹೊರಗಿನದು ನಿಲ್ಲಬೇಕು. ಈ ಉತ್ತರವನ್ನು ಗಾಂಧೀಜಿ ಎಷ್ಟೋ ವರ್ಷಗಳ ಮೇಲೂ ನೆನೆಸಿಕೊಳ್ಳುತ್ತಿದ್ದರು.

ಸೋಮವಾರದ ವ್ರತಕ್ಕೆ ಕಟ್ಟುಪಾಡುಗಳಿದ್ದವು. ನಂತರದ ವರ್ಷಗಳಲ್ಲಿ ಅದು ಭಾನುವಾರ ಸಂಜೆ ಶುರುವಾಗಿ ಸೋಮವಾರ ಸಂಜೆ ಮುಗಿಯುತ್ತಿತ್ತು. ಬರೆಯಬಹುದು, ಕೇಳಬಹುದು, ಸಭೆಯಲ್ಲಿ ಕೂರಬಹುದು. ನಾಲಗೆ ಮಾತ್ರ ಆಡಬಾರದು. ಸಂಜೆಯ ಪ್ರಾರ್ಥನೆಗೆ ಬಂದವರಿಗೆ ಆ ದಿನದ ಮಾತನ್ನು ಬರೆದುಕೊಟ್ಟರೆ ಬೇರೊಬ್ಬರು ಓದುತ್ತಿದ್ದರು. ವ್ರತ ಹಿಡಿಯುವಾಗಲೇ ಎರಡು ವಿನಾಯಿತಿ ಇಟ್ಟುಕೊಂಡಿದ್ದರು: ಕಾಯಿಲೆಯವರ ಉಪಚಾರ ಮಾಡುವಾಗ ಮಾತಾಡಬಹುದು, ತುರ್ತು ವಿಷಯದಲ್ಲಿ ದೊಡ್ಡ ಅಧಿಕಾರಿಗಳೊಂದಿಗೆ ಮಾತಾಡಬಹುದು. ವಕೀಲರು ಬರೆದ ಕರಾರು ಹೀಗಿರುತ್ತದೆ. ವಿನಾಯಿತಿ ಮೊದಲೇ ಬರೆದಿಟ್ಟಿದ್ದರೆ ಅದು ವ್ರತದ ಭಾಗ. ಸಂದರ್ಭ ಬಂದಾಗ ಹುಡುಕಿಕೊಂಡರೆ ಅದು ನೆಪ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ತಿಪಟೂರಿನ ನಮ್ಮ ದೊಡ್ಡಪ್ಪನ ದೆಸೆಯಿಂದ. ಅವರು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಮೂರು ದಶಕ ಗಟ್ಟಿಯಾಗಿ ಮಾತಾಡಿದ ಗಂಟಲು ಮನೆಗೆ ಬಂದು ಕೂತಾಗ, ಅದರ ಪೂರ್ತಿ ಪ್ರಯೋಜನ ದೊಡ್ಡಮ್ಮನೊಬ್ಬರಿಗೇ ದೊರೆಯತೊಡಗಿತು. ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕೆಂಬುದರಲ್ಲಿಯೂ ಅವರಿಗೊಂದು ಅಭಿಪ್ರಾಯವಿತ್ತು. ಹೀಗಿರುವಾಗ ಒಂದು ಗಾಂಧಿ ಜಯಂತಿಯ ದಿನ, ತಾವೇ ಮಾಡಿದ ಭಾಷಣದಿಂದ ತಾವೇ ಪ್ರೇರಿತರಾಗಿ, ಇನ್ನು ಮುಂದೆ ಸೋಮವಾರ ಬೆಳಗಿನಿಂದ ಸಂಜೆ ಆರರವರೆಗೆ ಮೌನ ಎಂದು ಸಾರಿಬಿಟ್ಟರು. ಅಟ್ಟದಿಂದ ಹಳೆಯ ಸ್ಲೇಟೊಂದು ಇಳಿಯಿತು, ಅಂಗಡಿಯಿಂದ ಬಳಪ ಬಂತು. ದೊಡ್ಡಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಮೊದಮೊದಲ ಸೋಮವಾರಗಳಲ್ಲಿ ಆ ಮನೆಯಲ್ಲಿದ್ದಷ್ಟು ಸದ್ದು ಸಂತೆಯಲ್ಲೂ ಇರಲಿಲ್ಲ. ದೊಡ್ಡಪ್ಪ ಮಾತು ಬಿಟ್ಟಿದ್ದರು, ಹೇಳುವುದನ್ನು ಬಿಟ್ಟಿರಲಿಲ್ಲ. ಒಂದು ಸಲ ಕೆಮ್ಮಿದರೆ ಕಾಫಿ, ಎರಡು ಸಲವಾದರೆ ಪೇಪರು. ಚಿಟಿಕೆ ಹೊಡೆದರೆ ಗೇಟಿನಲ್ಲಿ ಯಾರೋ ಇದ್ದಾರೆ. ನೆಲಕ್ಕೆ ಕೋಲು ಕುಟ್ಟಿದರೆ ಹೇಳಿದ್ದು ತಿಳಿಯಲಿಲ್ಲವೇ ಎಂದು ಅರ್ಥ. ಸೊಪ್ಪಿನವಳಿಗೆ ಮೂರು ಬೆರಳು ತೋರಿಸಿದರು. ಅವರ ಲೆಕ್ಕದಲ್ಲಿ ಅದು ಬೆಲೆ, ಅವಳ ಲೆಕ್ಕದಲ್ಲಿ ಕಟ್ಟು. ಎರಡು ದಿನ ಮನೆಮಂದಿಗೆಲ್ಲ ದಂಟಿನ ಹುಳಿಯೇ ಆಯಿತು. ‘ಹ್ಞೂಂ’ ಎನ್ನುವುದು ಮಾತೋ ಅಲ್ಲವೋ ಎಂಬ ಬಗ್ಗೆ ಅವರಿಗೂ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರಿಗೂ ಒಂದು ಮಂಗಳವಾರ ಪೂರ್ತಿ ವಾಗ್ವಾದ ನಡೆಯಿತು. ತುಟಿ ತೆರೆಯದೆ ಬರುವ ಸದ್ದು ಮಾತಲ್ಲ ಎಂಬುದು ದೊಡ್ಡಪ್ಪನ ಪಕ್ಷ.

“ಮಾತಾಡದೆ ಇಷ್ಟು ಗಲಾಟೆ ಮಾಡೋ ಮನುಷ್ಯನ್ನ ನಾನು ನೋಡೇ ಇಲ್ಲ ಕಣಪ್ಪ,” ಎಂದು ದೊಡ್ಡಮ್ಮ ನನ್ನ ಹತ್ತಿರ ಹೇಳಿದರು. “ಅವರದು ಮೌನ, ನನಗೆ ಬಾಯಿನೋವು. ಫೋನ್ ಬಂದ್ರೆ ನಾನು, ಹಾಲಿನವನು ಬಂದ್ರೆ ನಾನು. ಅವರು ಯಾಕೆ ಮಾತಾಡ್ತಿಲ್ಲ ಅಂತ ಬಂದೋರಿಗೆಲ್ಲ ಹೇಳೋದೂ ನಾನೇ. ವ್ರತ ಅವರದ್ದು, ಪಾರಣೆ ನನ್ನದು.”

ಮೌನವ್ರತದ ಬಗ್ಗೆ ಬರೆಯುವವರು ಮರೆಯುವ ಸಂಗತಿ ಇದು. ಆಡದೆ ಬಿಟ್ಟ ಮಾತಿನ ಕೆಲಸ ಎಲ್ಲಿಗೂ ಹೋಗುವುದಿಲ್ಲ, ಪಕ್ಕದವರ ಪಾಲಿಗೆ ಬೀಳುತ್ತದೆ. ಒಬ್ಬರ ಮೌನಕ್ಕೆ ಇನ್ನೊಬ್ಬರು ದುಭಾಷಿಯಾಗಬೇಕಾಗಿ ಬಂದರೆ ಅದು ವ್ರತವಲ್ಲ, ದರ್ಬಾರು. ಗಾಂಧೀಜಿಯ ಸೋಮವಾರ ದೇಶಕ್ಕೆಲ್ಲ ಮೊದಲೇ ಗೊತ್ತಿತ್ತು; ಹೇಳಬೇಕಾದ್ದನ್ನು ಅವರು ಹಿಂದಿನ ದಿನವೇ ಹೇಳಿರುತ್ತಿದ್ದರು, ಉಳಿದದ್ದು ಕಾಯುತ್ತಿತ್ತು. ಮಧ್ಯೆ ಅನಿವಾರ್ಯವಾದರೆ ತಮ್ಮ ಕೈಯಾರೆ ಬರೆಯುತ್ತಿದ್ದರು. ಬರೆಯುವುದು ಅವರಿಗೆ ಹಗುರದ ಕೆಲಸವೇನಲ್ಲ. ಬಲಗೈ ಸೋತರೆ ಎಡಗೈಯಲ್ಲಿ ಮುಂದುವರಿಸುವ ಅಭ್ಯಾಸ ಅವರಿಗಿತ್ತು. 1909ರಲ್ಲಿ ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆದಾಗ ಹಸ್ತಪ್ರತಿಯ ಒಂದಷ್ಟು ಪುಟ ಎಡಗೈಯದೇ.

ದೊಡ್ಡಮ್ಮ ಕೊನೆಗೆ ಮೂರು ಷರತ್ತು ಹಾಕಿದರು. ಒಂದು, ಕೆಮ್ಮು ಚಿಟಿಕೆ ಕೋಲು ಎಲ್ಲ ಬಂದ್. ಎರಡು, ಗ್ಯಾಸ್ ಸಿಲಿಂಡರಿನವನು ಬಂದರೆ ಮತ್ತು ಮನೆಯಲ್ಲಿ ಯಾರಾದರೂ ಜಾರಿ ಬಿದ್ದರೆ ಬಾಯಿ ಬಿಡಬಹುದು. ತಿಳಿಯದೆಯೇ ಅವರು ಗಾಂಧೀಜಿಯ ಎರಡು ವಿನಾಯಿತಿಗಳನ್ನು ಮತ್ತೆ ಕಂಡುಹಿಡಿದಿದ್ದರು. ಆ ಮನೆಯ ಮಟ್ಟಿಗೆ ಗ್ಯಾಸಿನವನಿಗಿಂತ ದೊಡ್ಡ ಅಧಿಕಾರಿ ಯಾರಿದ್ದಾರೆ! ಮೂರನೆಯದು ಎಲ್ಲಕ್ಕಿಂತ ಕಠಿಣ: ದಿನಕ್ಕೆ ಒಂದೇ ಸ್ಲೇಟು. ಎರಡೂ ಮಗ್ಗುಲು ತುಂಬಿದ ಮೇಲೆ ಸಂಜೆಯವರೆಗೆ ಒರೆಸಿ ಬರೆಯುವ ಹಾಗಿಲ್ಲ. ತೋರಿಸುವ ಮೊದಲೇ ಅಳಿಸಿಕೊಂಡರೆ ಮಾತ್ರ ಆ ಜಾಗ ಮರಳಿ ಸಿಗುತ್ತದೆ.

ಅಲ್ಲಿಂದ ವ್ರತಕ್ಕೆ ಜೀವ ಬಂತು. ಬಳಪ ಒಂದು ಜರಡಿಯಾಯಿತು. ಹುಳಿಗೆ ಉಪ್ಪು ಕಡಿಮೆ ಎಂದು ಬಾಯಿಯಲ್ಲಿ ಹೇಳಲು ಏನೂ ಖರ್ಚಿಲ್ಲ. ಸ್ಲೇಟಿನ ಕಾಲು ಭಾಗ ಕೊಡಬೇಕೆಂದಾಗ ಕೈ ಚಾಚಿ ಉಪ್ಪು ಬಡಿಸಿಕೊಳ್ಳುವುದೇ ಲಾಭ. ನಾನು ಹೋದಾಗ ನೋಡುತ್ತ ಕೂರುತ್ತಿದ್ದೆ. ದೊಡ್ಡಪ್ಪ ಏನೋ ಬರೆಯುವರು, ಕನ್ನಡಕ ಸರಿಮಾಡಿಕೊಂಡು ತಾವೇ ಓದುವರು, ಹೆಬ್ಬೆರಳಿನಲ್ಲಿ ಮೆಲ್ಲನೆ ಅಳಿಸಿಬಿಡುವರು. ಪಕ್ಕದ ಮನೆಯ ಹುಡುಗ ಬೈಕು ನಿಲ್ಲಿಸಿದ ರೀತಿ, ಪೇಪರಿನಲ್ಲಿ ಬಂದ ಒತ್ತಕ್ಷರದ ತಪ್ಪು, ತಮ್ಮನ ಸೊಸೆಯ ಬಗ್ಗೆ ಒಂದು ಮಾತು, ಎಲ್ಲ ಹೆಬ್ಬೆರಳಿಗೆ ಹೋಗುತ್ತಿದ್ದವು. ಬಾಯಿಂದ ಹೊರಟದ್ದನ್ನು ಹಾಗೆ ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಲು ಬರುವುದಿಲ್ಲ. ಮೌನ ಕಲಿಸುತ್ತದೆ ಎನ್ನುವರಲ್ಲ, ಅದರ ಪಾಠ ಬಹುಮಟ್ಟಿಗೆ ಹೆಬ್ಬೆರಳಿಗೆ ಹತ್ತಿದ ಆ ಪುಡಿಯಲ್ಲಿತ್ತು.

ವ್ರತ ಹಿಡಿದಿದೆಯೋ ಇಲ್ಲವೋ ಎಂದು ನೋಡಲು ದೊಡ್ಡಮ್ಮನ ಬಳಿ ಒಂದು ಪರೀಕ್ಷೆಯೂ ಇತ್ತು: ಆರು ಗಂಟೆ ಹೊಡೆದ ಮೇಲೆ ಬರುವ ಮೊದಲ ಮಾತು. ಆರಂಭದಲ್ಲಿ ಆರಾಗುತ್ತಲೇ ಬೆಳಗಿನಿಂದ ಕೂಡಿಟ್ಟದ್ದೆಲ್ಲ ಬಡ್ಡಿ ಸಮೇತ ಹೊರಬೀಳುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಆರಕ್ಕೆ ಅವರು ಹೇಳುತ್ತಿದ್ದುದು “ಕಾಫಿ ಇದೆಯೇನೇ?” ಎಂದಷ್ಟೇ. ಉಳಿದದ್ದು ಎಲ್ಲಿ ಹೋಯಿತೋ ಅವರಿಗೇ ತಿಳಿಯದು.

ಬರವಣಿಗೆಯನ್ನೂ ಒಪ್ಪದ ಮೌನವೊಂದಿದೆ. ಗೋಯೆಂಕಾ ಅವರ ಸಂಪ್ರದಾಯದ ವಿಪಶ್ಯನ ಶಿಬಿರಗಳಲ್ಲಿ ಹೋದ ದಿನ ಸಂಜೆಯಿಂದ ಹತ್ತನೆಯ ದಿನ ಬೆಳಗಿನವರೆಗೆ ಆರ್ಯ ಮೌನ. ಮಾತಿಲ್ಲ, ಸನ್ನೆಯಿಲ್ಲ, ಚೀಟಿಯಿಲ್ಲ. ಪೆನ್ನು ಪುಸ್ತಕವನ್ನೂ ತೆಗೆದಿಡಬೇಕು. ಆದರೆ ಅಲ್ಲಿಯೂ ಕಿಂಡಿಯೊಂದು ಇದ್ದೇ ಇದೆ. ಅಭ್ಯಾಸದ ಸಂಶಯ ಆಚಾರ್ಯರಲ್ಲಿ ಕೇಳಬಹುದು, ಊಟ ವಸತಿಯ ತೊಂದರೆಯನ್ನು ವ್ಯವಸ್ಥಾಪಕರಿಗೆ ಹೇಳಬಹುದು. ಹತ್ತನೆಯ ದಿನ ಮಾತು ಬಿಡಿಸುವುದು ಶಿಬಿರದೊಳಗೇ, ಊರಿಗೆ ಹೋದಮೇಲಲ್ಲ. ಅಷ್ಟು ದಿನ ತಡೆದ ನೀರನ್ನು ಒಂದೇ ಸಲ ಬಸ್ ನಿಲ್ದಾಣದಲ್ಲಿ ಬಿಡುವುದು ಕ್ಷೇಮವಲ್ಲ ಎಂದು ಅವರಿಗೆ ಗೊತ್ತು.

ಇನ್ನೊಂದು ತುದಿಯಲ್ಲಿ ಮೆಹರ್ ಬಾಬಾ. 1925ರ ಜುಲೈ 10ರಂದು ಮೌನ ಹಿಡಿದವರು 1969ರಲ್ಲಿ ತೀರಿಕೊಳ್ಳುವವರೆಗೂ ಬಾಯಿ ಬಿಡಲಿಲ್ಲ. ಅಕ್ಷರಗಳನ್ನು ಬರೆದ ಹಲಗೆಯೊಂದರ ಮೇಲೆ ಬೆರಳಾಡಿಸುತ್ತಿದ್ದರು, ಶಿಷ್ಯರು ಅದನ್ನು ಕೂಡಿಸಿ ಓದುತ್ತಿದ್ದರು. 1954ರಲ್ಲಿ ಆ ಹಲಗೆಯನ್ನೂ ಬಿಟ್ಟು ಬರೀ ಕೈಸನ್ನೆಗೆ ಬಂದರು. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ‘ರಜಪುತಾನ’ ಹಡಗಿನಲ್ಲಿ ಇವರಿಗೂ ಗಾಂಧೀಜಿಗೂ ಭೇಟಿಯಾಯಿತು. ಒಬ್ಬರು ಎಂದೂ ಮಾತಾಡದವರು, ಇನ್ನೊಬ್ಬರು ಸೋಮವಾರ ಮಾತಾಡದವರು. ಆ ಭೇಟಿ ಸೋಮವಾರ ಬಿದ್ದಿದ್ದರೆ ಶಿಷ್ಯರ ಪಾಡೇನಾಗುತ್ತಿತ್ತು ಎಂದು ಯೋಚಿಸಿ ನಾನು ಒಬ್ಬನೇ ನಕ್ಕದ್ದುಂಟು.

ಗಾಂಧೀಜಿ ಆ ಹಡಗಿನಲ್ಲಿ ಹೊರಟದ್ದು ದುಂಡುಮೇಜಿನ ಪರಿಷತ್ತಿಗೆ. ಸೆಪ್ಟೆಂಬರ್ 12ರ ಶನಿವಾರ ಲಂಡನ್ ಸೇರಿದರು. ಪರಿಷತ್ತಿನ ಸಮಿತಿಯೊಂದರ ಸಭೆಗೆ ಅವರು ಮೊದಲ ಸಲ ಹೋಗಿ ಕೂತದ್ದು 14ರಂದು, ಸೋಮವಾರ. ಕಾಂಗ್ರೆಸ್ಸಿನ ಏಕೈಕ ಪ್ರತಿನಿಧಿ, ಸಾವಿರಾರು ಮೈಲಿ ಸಮುದ್ರ ದಾಟಿ ಬಂದವರು, ಇವರೇನು ಹೇಳುತ್ತಾರೋ ಎಂದು ಕಾದವರ ನಡುವೆ ಒಂದು ಮಾತೂ ಆಡದೆ ದಿನ ಕಳೆದರು. ಭಾಷಣ ಮಾಡಿದ್ದು ಮಾರನೆಯ ದಿನ. ಈ ಸಭೆ ತುರ್ತು ವಿಷಯ, ಕೂತವರೆಲ್ಲ ದೊಡ್ಡ ಅಧಿಕಾರಿಗಳು ಎಂದು ವಿನಾಯಿತಿ ಹಿಗ್ಗಿಸುವುದು ಕಷ್ಟವಿರಲಿಲ್ಲ. ಹಿಗ್ಗಿಸಲಿಲ್ಲ. ಎದುರಿಗಿದ್ದವರ ಮಾತನ್ನೆಲ್ಲ ಕೇಳಿಸಿಕೊಂಡು, ಒಂದು ರಾತ್ರಿ ಅದರ ಮೇಲೆ ಮಲಗೆದ್ದು ಮಾತಾಡುವ ಭಾಗ್ಯ ಆ ಪರಿಷತ್ತಿನಲ್ಲಿ ಇನ್ನೆಷ್ಟು ಮಂದಿಗೆ ಇತ್ತೋ!

ಆದರೆ ಮೌನಕ್ಕೆ ಒಂದು ದೊಡ್ಡ ಮಿತಿಯಿದೆ. ಅದರ ಅರ್ಥವನ್ನು ಎದುರಿಗಿದ್ದವನು ತನಗೆ ಬೇಕಾದಂತೆ ಬರೆದುಕೊಳ್ಳಬಹುದು. 1947ರ ಜೂನ್ 2, ಅದೂ ಸೋಮವಾರ. ದೇಶವಿಭಜನೆಯ ಯೋಜನೆಯನ್ನು ಮೌಂಟ್‌ಬ್ಯಾಟನ್ ನಾಯಕರ ಮುಂದಿಟ್ಟ ದಿನ. ಅವರೆಲ್ಲ ಹೋದ ಮೇಲೆ ಗಾಂಧೀಜಿ ಬಂದರು. ವಿಭಜನೆಯನ್ನು ಕಟುವಾಗಿ ವಿರೋಧಿಸಿದ್ದ ಮನುಷ್ಯ. ಏನು ಅನ್ನುವರೋ ಎಂದು ವೈಸರಾಯರಿಗೆ ಆತಂಕ. ಗಾಂಧೀಜಿ ತುಟಿಯ ಮೇಲೆ ಬೆರಳಿಟ್ಟು, ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದರು. ಮಾತಾಡಲಾಗದ್ದಕ್ಕೆ ಕ್ಷಮೆ. ವ್ರತಕ್ಕೆ ಎರಡು ವಿನಾಯಿತಿಗಳಿವೆ, ಆದರೆ ನಾನು ಅದನ್ನು ಮುರಿಯುವುದು ನಿಮಗೂ ಬೇಕಿಲ್ಲವೆಂದು ಬಲ್ಲೆ ಎಂಬ ವಿವರಣೆ. ವಾಯವ್ಯ ಗಡಿಪ್ರಾಂತದ ಗವರ್ನರನನ್ನು ಬದಲಿಸಬೇಕೆಂಬ ಬಾದಶಹಾ ಖಾನರ ಕೋರಿಕೆ. ಒಂದೆರಡು ವಿಷಯ ಮಾತಾಡಬೇಕಿದೆ, ಇವತ್ತಲ್ಲ ಎಂಬ ಮುಂದೂಡಿಕೆ.

ಮೌಂಟ್‌ಬ್ಯಾಟನ್ ನಿಟ್ಟುಸಿರು ಬಿಟ್ಟರು, ಆ ಲಕೋಟೆಗಳನ್ನು ಜೋಪಾನವಾಗಿ ಎತ್ತಿಟ್ಟರು. ಅವರ ಮಟ್ಟಿಗೆ ಆ ಸೋಮವಾರ ಒಂದು ಅದೃಷ್ಟ. ತುರ್ತು ವಿಷಯ, ದೊಡ್ಡ ಅಧಿಕಾರಿ, ಎರಡೂ ಎದುರಿಗೇ ಇದ್ದವು. ಬಾಯಿ ಬಿಡಲು ವ್ರತದ ಅಡ್ಡಿಯಿರಲಿಲ್ಲ. ಬಿಡದಿರಲು ಗಾಂಧೀಜಿ ಬೇಕೆಂದೇ ನಿಶ್ಚಯಿಸಿದರು. ಕಾಂಗ್ರೆಸ್ಸಿನ ನಾಯಕರು ಆಗಲೇ ಒಪ್ಪಿಗೆಯತ್ತ ಬಂದಿದ್ದರು, ಇವರ ಮಾತು ನಡೆಯುವ ಕಾಲ ಮುಗಿದಿತ್ತು. ಅದು ಶಿಸ್ತೋ, ದುಃಖವೋ, ಎದುರಿಗಿದ್ದವನ ಮೇಲಿನ ಸೌಜನ್ಯವೋ? ಲಕೋಟೆಯ ಮೇಲೆ ಇಲ್ಲ. ಬಳಪ ಸಣ್ಣ ಮಾತನ್ನು ಸೋಸುತ್ತದೆ, ಸರಿ. ತೀರಾ ದೊಡ್ಡ ಮಾತೂ ಅದರಲ್ಲಿ ಇಳಿಯುವುದಿಲ್ಲ.

ಏಳು ತಿಂಗಳು ಕಳೆದು ಇನ್ನೊಂದು ಸೋಮವಾರ, 1948ರ ಜನವರಿ 12, ದೆಹಲಿ. ನಗರದಲ್ಲಿ ಮುಸಲ್ಮಾನರಿಗೆ ಉಳಿಗಾಲವಿಲ್ಲ ಎಂಬ ಸ್ಥಿತಿ. ಗಾಂಧೀಜಿ ಆ ದಿನ ಬರೆದುಕೊಟ್ಟ ಮಾತನ್ನು ಸಂಜೆಯ ಪ್ರಾರ್ಥನೆಯಲ್ಲಿ ಬೇರೊಬ್ಬರು ಓದಿದರು: ನಾಳೆಯಿಂದ ಆಮರಣ ಉಪವಾಸ. ನೆಹರೂಗಾಗಲಿ ಪಟೇಲರಿಗಾಗಲಿ ಮೊದಲೇ ಸುಳಿವಿರಲಿಲ್ಲ. ಯಾರೊಂದಿಗೂ ಚರ್ಚಿಸದೆ, ವಾದಕ್ಕೆ ಆಸ್ಪದ ಕೊಡದೆ, ನಿರ್ಧಾರ ಆ ಮಾತಿಲ್ಲದ ದಿನ ಹಾಳೆಗೆ ಇಳಿದಿತ್ತು. ಮಾತಾಡುವ ದಿನವಾಗಿದ್ದರೆ ಹತ್ತು ಮಂದಿ ಹಿತೈಷಿಗಳು ಕೈಹಿಡಿದು ಜಗ್ಗುತ್ತಿದ್ದರೇನೋ. ಅದೇ ಬಾಯಿಬೀಗ ಒಂದು ಸಲ ಹೇಳಬೇಕಾದ್ದನ್ನು ಒಳಗೇ ಉಳಿಸಿತು, ಇನ್ನೊಂದು ಸಲ ಹೇಳಬೇಕಾದ್ದನ್ನು ಕಲಬೆರಕೆಯಾಗದಂತೆ ಹೊರಗೆ ತಂದಿತು. ವ್ರತ ಒಂದೇ; ಹೇಳುವುದಕ್ಕೆ ಏನಿದೆ ಎಂಬುದನ್ನು ಅದು ಒದಗಿಸಿಕೊಡುವುದಿಲ್ಲ.

ಹಾಗಾದರೆ ಒದಗಿಸುವುದೇನು? ಈ ಪ್ರಶ್ನೆಯನ್ನು ನಾನು ದೊಡ್ಡಪ್ಪನಿಗೇ ಹಾಕಿದೆ. ಮಂಗಳವಾರವಾದ್ದರಿಂದ ಅವರು ಪತಂಜಲಿಯಿಂದ ಹಿಡಿದು ವಿನೋಬಾ ಅವರವರೆಗೆ ಬಹಳ ವಿಸ್ತಾರವಾಗಿ ಉತ್ತರ ಹೇಳಿದರು. ಶಕ್ತಿಸಂಚಯ, ಇಂದ್ರಿಯನಿಗ್ರಹ, ಅಂತರ್ಮುಖತೆ ಎಲ್ಲ ಬಂದವು. ಬಾಗಿಲ ಬಳಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ದೊಡ್ಡಮ್ಮ, ಅವರು ನೀರು ಕುಡಿಯಲು ಎದ್ದ ಸಂದಿಯಲ್ಲಿ ಹೇಳಿದರು:

“ಅವರಿಗೆ ಏನು ಬಂತೋ ನಂಗೊತ್ತಿಲ್ಲ. ನಮ್ಮಪ್ಪನ ಮನೆ ಬಾವಿ ಕತೆ ಇದೆಯಲ್ಲ, ಅದನ್ನ ಮದುವೆಯಾದಾಗಿಂದ ಹೇಳ್ತಾನೇ ಇದ್ದೆ. ಅರ್ಧಕ್ಕೆ ಬರೋ ಹೊತ್ತಿಗೆ ‘ಗೊತ್ತು ಬಿಡು’ ಅನ್ನೋರು. ಹೋದ ಸೋಮವಾರ ಪೂರ್ತಿ ಹೇಳಿ ಮುಗಿಸಿದೆ. ಆರು ಗಂಟೆಗೆ ಕಾಫಿ ಕುಡೀತಾ ಕೇಳ್ತಾರೆ, ‘ಆಮೇಲೆ ಆ ಬಾವಿ ಮುಚ್ಚಿಸಿದ್ರಾ?’ ಅಂತ. ಅಷ್ಟು ವರ್ಷ ಗೊತ್ತು ಗೊತ್ತು ಅಂತಿದ್ರಲ್ಲ, ಅವರಿಗೆ ಅರ್ಧ ಬಾವಿ ಮಾತ್ರ ಗೊತ್ತಿದ್ದಿದ್ದು!”